ಕುರುಗೋಡಿನ ಚೀಲಕ್ಕೊಂದು ಉತ್ತರ

ಸಿರುಗುಪ್ಪದ ಒಂದು ಅಕ್ಕಿ ಗಿರಣಿಯ ಕಚೇರಿ. ಹೊರಗೆ ಭತ್ತದ ಲಾರಿಗಳ ಸಾಲು, ಒಳಗೆ ಮೇಜಿನ ಮೇಲೆಲ್ಲ ತೌಡಿನ ಧೂಳು. ಸಾವ್ಕಾರರ ಮೊಬೈಲಿನಲ್ಲಿ ಕುರುಗೋಡಿನ ಗ್ರಾಹಕರೊಬ್ಬರ ವಿಡಿಯೊ ಓಡುತ್ತಿದೆ: ಮೊರದ ತುಂಬ ಸೋನಾ ಮಸೂರಿ, ನಡುವೆ ಹರಿದಾಡುವ ಕಂದು ಹುಳುಗಳು, ಪಕ್ಕದಲ್ಲಿ ಇದೇ ಗಿರಣಿಯ ಗುರುತಿರುವ 26 ಕೆಜಿ ಚೀಲ.

ಸಾವ್ಕಾರರು ಆಗಲೇ ಬರೆದಿಟ್ಟಿದ್ದಾರೆ: “ಗುಣಮಟ್ಟಕ್ಕೆ ಹೆಸರಾದ ನಮ್ಮ ಗಿರಣಿಯಿಂದ ಹೊರಡುವಾಗ ಅಕ್ಕಿ ಶುದ್ಧವಾಗಿತ್ತು. ಅಂಗಡಿಯಲ್ಲಿ ಸರಿಯಾಗಿ ಇಡದಿದ್ದರೆ ಹುಳು ಬರುವುದು ಸಹಜ. ಯಾರಿಗಾದರೂ ತೊಂದರೆಯಾಗಿದ್ದರೆ ವಿಷಾದಿಸುತ್ತೇವೆ.”

ಬಳ್ಳಾರಿಯಿಂದ ಬಂದಿರುವ ಬರಹಗಾರ್ತಿ ಅದನ್ನು ಎರಡು ಸಲ ಓದುತ್ತಾರೆ. “ಸಾವ್ಕಾರ್ರೇ, ಹುಳ ಕಣ್ಣಿಗೆ ಕಾಣಾಕ ಹತ್ತೈತಿ. ‘ಆಗಿದ್ದರೆ’ ಅಂತ ಯಾಕ ಬರೀಬೇಕು?”

ಮೊದಲು ಆ ಪದಕ್ಕೆ ಗೀಟು ಬೀಳುತ್ತದೆ, ಆಮೇಲೆ ‘ಹೆಸರಾದ’ಕ್ಕೆ. ಜಗಳ ಹತ್ತುವುದು ನಡುವಿನ ಸಾಲಿಗೆ. ಸಾವ್ಕಾರರ ಮಾತು ಪೂರ್ತಿ ಸುಳ್ಳಲ್ಲ. ಈ ಹುಳು ಅಕ್ಕಿಕಾಳನ್ನು ಕೊರೆದು ಒಳಗೆ ಮೊಟ್ಟೆಯಿಟ್ಟು ತೂತಿನ ಬಾಯಿ ಮುಚ್ಚುತ್ತದೆ. ಬೆಚ್ಚಗಿನ ಹವೆಯಲ್ಲಿ ಸುಮಾರು ಒಂದು ತಿಂಗಳಿಗೆ ಮರಿ ಬೆಳೆದು ಹೊರಬರುತ್ತದೆ. ಆದರೆ ಇದೇ ಕಾರಣಕ್ಕೆ ಚೀಲ ಹೊಲಿಯುವಾಗ ಮೊಟ್ಟೆ ಇರಲಿಲ್ಲ ಎಂದು ಕಣ್ಣಳತೆಯಲ್ಲಿ ಯಾರೂ ಹೇಳಲಾರರು. ಗಿರಣಿಯ ಹಳೆಯ ಚೀಲದಿಂದ ಬಂತೋ, ಅಂಗಡಿಯ ಗೋದಾಮಿನಿಂದಲೋ? ಅದೇ ಬ್ಯಾಚಿನ ತೆಗೆದಿಟ್ಟ ಮಾದರಿ, ಬೇರೆ ಅಂಗಡಿಗಳ ಚೀಲ ಬಿಚ್ಚಿ ನೋಡದೆ ಗೊತ್ತಾಗದು.

2003ರಲ್ಲಿ ಮಹಾರಾಷ್ಟ್ರದಲ್ಲಿ ಕ್ಯಾಡ್ಬರಿ ಚಾಕೊಲೇಟಿನಲ್ಲಿ ಹುಳು ಸಿಕ್ಕಾಗ ಕಂಪನಿಯೂ ಅಂಗಡಿಗಳ ಶೇಖರಣೆಯ ಕಡೆಗೇ ಬೊಟ್ಟು ಮಾಡಿತ್ತು. ಹಾಗಾದರೆ ಹೊದಿಕೆ ಯಾಕೆ ಭದ್ರವಾಗಿರಲಿಲ್ಲ ಎಂಬ ಪ್ರಶ್ನೆ ತಿರುಗಿ ಕಂಪನಿಗೇ ಬಂತು. ಮರುವರ್ಷ ಹೊದಿಕೆಯನ್ನೇ ಬದಲಿಸಿದರು. ನನಗಂತೂ ಆ ಪ್ರಸಂಗದಲ್ಲಿ ಮುಖ್ಯವೆನಿಸುವುದು ಇಷ್ಟು: ತನಿಖೆಗೆ ಮುಂಚೆ ಹೇಳಿದ ಕಾರಣ ನಿಜವೇ ಆಗಿದ್ದರೂ ನೆಪದಂತೆ ಕೇಳಿಸುತ್ತದೆ.

“ತಿಂದ್ರ ಏನೂ ಆಗಂಗಿಲ್ಲ ಅಂತಾದ್ರೂ ಹಾಕ್ರಿ,” ಎನ್ನುತ್ತಾರೆ ಸಾವ್ಕಾರರು. ಅದಕ್ಕೂ ಬರಹಗಾರ್ತಿ ಒಪ್ಪುವುದಿಲ್ಲ. ಪರೀಕ್ಷೆಯಾಗದ ಅಕ್ಕಿಗೆ ಅಭಯ ಕೊಡುವುದು ತಪ್ಪು. ತಿನ್ನಬೇಡಿ ಎನ್ನುವುದೇ ಸರಿ.

ಮಧ್ಯಾಹ್ನದ ಹೊತ್ತಿಗೆ ಹೊಸ ಪ್ರತಿ ಸಿದ್ಧ:

“ಕುರುಗೋಡಿನಲ್ಲಿ ಮಾರಾಟವಾದ ನಮ್ಮ ಒಂದು ಅಕ್ಕಿ ಚೀಲದಲ್ಲಿ ಹುಳು ಕಂಡುಬಂದಿದೆ. ಆ ಮನೆಯವರ ಕ್ಷಮೆ ಕೇಳುತ್ತೇವೆ. ಕೆಳಗಿನ ಬ್ಯಾಚಿನ ಚೀಲ ನಿಮ್ಮಲ್ಲಿದ್ದರೆ ಬಳಸಬೇಡಿ. ಅರ್ಧ ಖಾಲಿಯಾಗಿದ್ದರೂ, ಬಿಲ್ ಇಲ್ಲದಿದ್ದರೂ ಅಂಗಡಿಗೆ ಮರಳಿಸಿ ಪೂರ್ತಿ ಹಣ ಪಡೆಯಿರಿ. ಈ ಬ್ಯಾಚಿನ ಮಾರಾಟ ನಿಲ್ಲಿಸಿದ್ದೇವೆ. ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದ್ದೇವೆ. ಹುಳು ಎಲ್ಲಿಂದ ಬಂತೆಂದು ಇನ್ನೂ ತಿಳಿದಿಲ್ಲ. ಸೋಮವಾರ ಸಂಜೆ ಮತ್ತೆ ತಿಳಿಸುತ್ತೇವೆ.”

ಬ್ಯಾಚ್ ಸಂಖ್ಯೆ ದಪ್ಪ ಅಕ್ಷರದಲ್ಲಿ, ಫೋನ್ ನಂಬರ್ ಅದರ ಕೆಳಗೆ. ಅಂಗಡಿಗಳ ಬಾಗಿಲಿಗೆ ಹಚ್ಚಲು ತೆಲುಗಿನದೊಂದು ಪ್ರತಿಯೂ ಆಗಬೇಕು.

ಸಾವ್ಕಾರರ ಬೆರಳು ಕೊನೆಯ ಸಾಲಿನ ಮೇಲೆ ನಿಲ್ಲುತ್ತದೆ. “ಸೋಮವಾರ ರಿಪೋರ್ಟು ಬರಲಿಲ್ಲ ಅಂದ್ರ?”

“ಬಂದಿಲ್ಲ ಅಂತನ ಹಾಕೋಣ್ರಿ.”