ಖಜಾಂಚಿ ಹೊರಟ ಮೇಲೆ ಓಟಿಪಿ ಯಾರ ಫೋನಿಗೆ?

ಊರಿನ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವ ಒಂದು ಸಣ್ಣ ಟ್ರಸ್ಟ್ ಇದೆ ಎಂದುಕೊಳ್ಳೋಣ. ಐದು ಜನ ಟ್ರಸ್ಟಿಗಳು, ಒಂದು ಉಳಿತಾಯ ಖಾತೆ, ಎರಡು ನಿಶ್ಚಿತ ಠೇವಣಿ. ಸಂಬಳಕ್ಕೆ ಯಾರೂ ಇಲ್ಲ. ಲೆಕ್ಕ ನೋಡಿಕೊಳ್ಳುವವರು ನಿವೃತ್ತ ನೌಕರರೊಬ್ಬರು. ಟ್ರಸ್ಟಿ ಅಲ್ಲ, ಸೇವೆಯೆಂದು ಒಪ್ಪಿಕೊಂಡು ಬಂದ ಖಜಾಂಚಿ. ಟ್ರಸ್ಟಿಗಳ ಠರಾವಿನಂತೆ ಚೆಕ್ಕಿಗೆ ಅಧ್ಯಕ್ಷರ ಜೊತೆ ಅವರದೂ ಸಹಿ ಬೇಕು. ಈಗ ಮಗಳ ಮನೆಗೆಂದು ಅವರು ಪುಣೆಗೆ ಹೊರಟಿದ್ದಾರೆ. ಅಧ್ಯಕ್ಷರಿಗೆ ಕೊಟ್ಟ ಕಾಗದದಲ್ಲಿ ಎರಡೇ ಮಾತು: ವೈಯಕ್ತಿಕ ಕಾರಣದಿಂದ ರಾಜೀನಾಮೆ ಕೊಡುತ್ತಿದ್ದೇನೆ, ಯಾವಾಗ ಬೇಕಾದರೂ ಸಹಾಯಕ್ಕೆ ಸಿದ್ಧನಿದ್ದೇನೆ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿಕೊಡುತ್ತಾರೆ.

ತೊಂದರೆ ಇರುವುದು ಆ ಎರಡನೆಯ ಮಾತಿನಲ್ಲಿ. ಯಾವ ಸಹಾಯ, ಎಲ್ಲಿಯವರೆಗೆ ಎಂದು ಹೇಳದ ಕಾರಣ ಟ್ರಸ್ಟಿಗಳು ಹೊಸಬರನ್ನು ಹುಡುಕುವ ಗೋಜಿಗೇ ಹೋಗುವುದಿಲ್ಲ. 'ಅವರು ಫೋನಿನಲ್ಲಿ ಸಿಗುತ್ತಾರಲ್ಲ' ಎಂಬ ಧೈರ್ಯ. ಅವರು ಸಿಗುವುದೂ ನಿಜ. ಬ್ಯಾಂಕಿನ ಖಾತೆಗೆ ಜೋಡಿಸಿರುವುದು ಅವರ ಮೊಬೈಲ್ ಸಂಖ್ಯೆ, ಆದಾಯ ತೆರಿಗೆಯ ಜಾಲತಾಣದಲ್ಲಿ ಟ್ರಸ್ಟಿನ ಹೆಸರಿನ ಮುಂದೆ ಇರುವುದೂ ಅದೇ ಸಂಖ್ಯೆ. ರಾಜೀನಾಮೆ ಕೊಟ್ಟವರು ಪುಣೆಯಲ್ಲಿ ಕೂತು ಓಟಿಪಿ ಓದಿ ಹೇಳುತ್ತಿರುತ್ತಾರೆ. ಒಂದು ದಿನ ಆ ಸಿಮ್ ಬದಲಾಗುತ್ತದೆ, ಅಥವಾ ಅವರು ಆಸ್ಪತ್ರೆ ಸೇರುತ್ತಾರೆ. ಅಲ್ಲಿಗೆ ಎಲ್ಲ ನಿಂತಿತು.

ಇದು ಯಾವ ತಿಂಗಳಲ್ಲಿ ನಡೆಯುತ್ತದೆ ಎಂಬುದರ ಮೇಲೆ ನಷ್ಟದ ಲೆಕ್ಕ. 80ಜಿ ಮಾನ್ಯತೆ ಇರುವ ಟ್ರಸ್ಟುಗಳು ಹಿಂದಿನ ಆರ್ಥಿಕ ವರ್ಷದ ದಾನಿಗಳ ವಿವರವನ್ನು ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕೆಂಬ ನಿಯಮ 2021-22ರ ದೇಣಿಗೆಗಳಿಂದ ಜಾರಿಗೆ ಬಂತು. ಯಾರು, ಎಷ್ಟು ಕೊಟ್ಟರು, ಅವರ ಪ್ಯಾನ್ ಅಥವಾ ಬೇರೆ ಗುರುತಿನ ಸಂಖ್ಯೆ ಏನು ಎಂಬ ಪಟ್ಟಿ ಅದು. ಅದನ್ನು ಸಲ್ಲಿಸಿದ ಮೇಲಷ್ಟೇ ದಾನಿಗೆ ಪ್ರಮಾಣಪತ್ರ ತಯಾರಾಗುತ್ತದೆ. ಅದಿಲ್ಲದೆ ಅವರು ಕೇಳಿದ ತೆರಿಗೆ ವಿನಾಯಿತಿಗೆ ಆಧಾರವಿಲ್ಲ. ತಡವಾದರೆ ದಿನಕ್ಕೆ 200 ರೂಪಾಯಿಯ ಶುಲ್ಕವನ್ನೂ ಆ ನಿಯಮದಲ್ಲೇ ಇಟ್ಟರು. ಖಜಾಂಚಿ ಏಪ್ರಿಲ್‌ನಲ್ಲಿ ಹೋದರೆ, ಗುಪ್ತಪದ ಅವರ ಡೈರಿಯಲ್ಲೇ ಉಳಿದರೆ, ಮೇ ತಿಂಗಳ ಕೊನೆಯ ವಾರ ಹೇಗಿರುತ್ತದೆಂದು ಊಹಿಸಿಕೊಳ್ಳಿ. ವರ್ಷಗಟ್ಟಲೆ ಸಾವಿರ ಎರಡು ಸಾವಿರ ಕೊಡುತ್ತಾ ಬಂದವರು ಬೇಸರಪಟ್ಟು ಕೈಬಿಡುವುದು ಇಂಥ ಹೊತ್ತಿನಲ್ಲೇ.

ಹಾಗಾದರೆ ಕಾಗದ ಹೇಗಿರಬೇಕು? ಉದ್ದವೇನೂ ಬೇಡ, ದಿನಾಂಕಗಳು ಬೇಕು. ನಮ್ಮ ಖಜಾಂಚಿ ಏಪ್ರಿಲ್ 5ರಂದು ಹೀಗೆ ಬರೆಯಬಹುದಿತ್ತು:

'ಖಜಾಂಚಿಯ ಹೊಣೆಯಿಂದ ಏಪ್ರಿಲ್ 30ಕ್ಕೆ ಬಿಡುಗಡೆ ಕೋರುತ್ತೇನೆ. ಅಷ್ಟರೊಳಗೆ ಮಾರ್ಚ್ 31ರವರೆಗಿನ ನಗದು ಪುಸ್ತಕ ಮುಗಿಸಿ, ಬ್ಯಾಂಕಿನ ಲೆಕ್ಕದೊಂದಿಗೆ ತಾಳೆ ನೋಡಿ ಒಪ್ಪಿಸುತ್ತೇನೆ. ಮೇ ತಿಂಗಳಲ್ಲಿ ದಾನಿಗಳ ಪಟ್ಟಿ ಸಲ್ಲಿಸುವಾಗ ಹೊಸ ಖಜಾಂಚಿಯ ಜೊತೆ ಇದ್ದು ತೋರಿಸಿಕೊಡುತ್ತೇನೆ. ಈ ವರ್ಷದ ಆಡಿಟ್ ಮುಗಿಯುವ ತನಕ ಆಡಿಟರ್ ಕೇಳಿದ್ದಕ್ಕೆ ಫೋನಿನಲ್ಲಿ ಉತ್ತರ ಕೊಡುತ್ತೇನೆ. ಮೇ 1ರಿಂದ ಯಾವ ಚೆಕ್ಕಿಗೂ ರಸೀದಿಗೂ ನಾನು ಸಹಿ ಮಾಡುವುದಿಲ್ಲ.'

ಕೊನೆಯ ವಾಕ್ಯ ಸ್ವಲ್ಪ ಒರಟಾಗಿ ಕೇಳಿಸೀತು. ನನ್ನ ಮಟ್ಟಿಗೆ ಇಡೀ ಕಾಗದದಲ್ಲಿ ಬಿಡಬಾರದ ಮಾತು ಅದೇ. ಹೇಳಿಕೊಡುವುದಕ್ಕೆ ಹುದ್ದೆ ಬೇಕಿಲ್ಲ, ಸಹಿ ಹಾಕುವುದಕ್ಕೆ ಬೇಕು. ಇವೆರಡನ್ನೂ ಬೆರೆಸಿ ಒಳ್ಳೆಯವರು ಮಾಡುವ ದೊಡ್ಡ ಎಡವಟ್ಟೆಂದರೆ, ಹೊರಡುವ ಮುನ್ನ 'ಅನುಕೂಲಕ್ಕೆ ಇರಲಿ' ಎಂದು ಹತ್ತು ಖಾಲಿ ಚೆಕ್ಕಿಗೆ ಸಹಿ ಹಾಕಿಟ್ಟು ಹೋಗುವುದು. ಜಂಟಿ ಸಹಿಯ ಉದ್ದೇಶವೇ ಒಬ್ಬರ ಕೈಯಲ್ಲಿ ಹಣ ಇರಬಾರದು ಎಂಬುದು. ಆ ಹತ್ತು ಹಾಳೆಗಳೊಂದಿಗೆ ಅದು ಮುಗಿದೇ ಹೋಯಿತು. ನಾಳೆ ಹೆಚ್ಚುಕಡಿಮೆಯಾದರೆ ಉತ್ತರ ಹೇಳಬೇಕಾದವರ ಸಾಲಿನಲ್ಲಿ ಪುಣೆಯಲ್ಲಿರುವವರೂ ನಿಲ್ಲಬೇಕು.

ಇತ್ತ ಟ್ರಸ್ಟಿಗಳು ಮಾಡಬೇಕಾದ ಕೆಲಸ ಸಭೆ ಕರೆಯುವುದರಿಂದ ಶುರು. ರಾಜೀನಾಮೆ ಒಪ್ಪಿದ್ದೇವೆ, ಇಂಥ ದಿನದಿಂದ ಇಂಥವರನ್ನು ನೇಮಿಸಿದ್ದೇವೆ, ಬ್ಯಾಂಕಿನಲ್ಲಿ ಹಳೆಯ ಸಹಿ ತೆಗೆದು ಹೊಸದನ್ನು ಸೇರಿಸಬೇಕು ಎಂದು ನಡಾವಳಿ ಪುಸ್ತಕದಲ್ಲಿ ಬರೆಯಬೇಕು. ಬ್ಯಾಂಕು ಮುಖ್ಯವಾಗಿ ಕೇಳುವುದು ಈ ಠರಾವಿನ ನಕಲು ಮತ್ತು ಹೊಸಬರ ಗುರುತಿನ ದಾಖಲೆ, ಮಾದರಿ ಸಹಿ. ಖಾತೆಯ ಮೊಬೈಲ್ ಸಂಖ್ಯೆಯನ್ನು ಪ್ರತ್ಯೇಕವಾಗಿ ಕೇಳಿ ಬದಲಾಯಿಸಿಕೊಳ್ಳಬೇಕು. ಸಹಿ ಬದಲಾದರೆ ಸಂಖ್ಯೆಯೂ ತಾನಾಗಿ ಬದಲಾಯಿತೆಂದುಕೊಂಡು ಬರುವವರೇ ಹೆಚ್ಚು. ತೆರಿಗೆ ಜಾಲತಾಣದ ಸಂಪರ್ಕ ಸಂಖ್ಯೆ, ಇ-ಮೇಲ್‌ಗೂ ಇದೇ ಮಾತು. ಇವನ್ನು ಬದಲಿಸುವಾಗ ಹಳೆಯ ಸಂಖ್ಯೆಗೂ ಓಟಿಪಿ ಹೋಗಬಹುದು, ಆದ್ದರಿಂದ ಖಜಾಂಚಿ ಊರಲ್ಲಿರುವಾಗಲೇ, ಎದುರು ಕೂರಿಸಿಕೊಂಡೇ ಮುಗಿಸಿಬಿಡಬೇಕು. ಟ್ರಸ್ಟಿನ ಹೆಸರಿಗೇ ಒಂದು ಸಿಮ್, ಒಂದು ಇ-ಮೇಲ್ ಮಾಡಿಸಿಟ್ಟರೆ ಮುಂದಿನ ಸಲ ಈ ತಾಪತ್ರಯವೇ ಇರದು.

ಇಲ್ಲೊಂದು ಸೂಕ್ಷ್ಮವಿದೆ. ಹಳೆಯ ಖಜಾಂಚಿ ಸಹಿ ಹಾಕಿದ ಚೆಕ್ಕುಗಳು ಕೆಲವು ಇನ್ನೂ ಹೊರಗಿರುತ್ತವೆ. ಚೆಕ್ಕಿನ ಆಯುಷ್ಯ ಮೂರು ತಿಂಗಳು. ಮಾರ್ಚ್ ಕೊನೆಯಲ್ಲಿ ಒಬ್ಬ ಹುಡುಗಿಗೆ 6,000 ರೂಪಾಯಿಯ ಚೆಕ್ಕು ಕೊಟ್ಟಿದ್ದಾರೆ, ಅವಳು ಪರೀಕ್ಷೆ ಮುಗಿಸಿ ಮೇ ತಿಂಗಳಲ್ಲಿ ಬ್ಯಾಂಕಿಗೆ ಹಾಕುತ್ತಾಳೆ. ಅಷ್ಟರಲ್ಲಿ ಆ ಸಹಿಯನ್ನು ದಾಖಲೆಯಿಂದ ತೆಗೆಸಿದ್ದರೆ ಚೆಕ್ಕು ವಾಪಸ್ ಬರಬಹುದು. ಆದ್ದರಿಂದ ಇನ್ನೂ ಪಾವತಿಯಾಗದ ಚೆಕ್ಕುಗಳ ಸಂಖ್ಯೆ, ಮೊತ್ತ ಪಟ್ಟಿ ಮಾಡಿ, ಅವನ್ನು ಮನ್ನಿಸಬೇಕೆಂದು ಬ್ಯಾಂಕಿಗೆ ಅದೇ ಕಾಗದದಲ್ಲಿ ಬರೆದುಕೊಡಬೇಕು. ಬ್ಯಾಂಕು ಒಪ್ಪದಿದ್ದರೆ ಹಳೆಯದನ್ನು ಹಿಂಪಡೆದು ಹೊಸ ಚೆಕ್ಕು ಕೊಡುವುದೇ ದಾರಿ.

ಒಪ್ಪಿಸುವ ದಿನ ಇಬ್ಬರೂ ಖಜಾಂಚಿಗಳು, ಜೊತೆಗೆ ಒಬ್ಬ ಟ್ರಸ್ಟಿ ಕೂತು ಕೈಯಲ್ಲಿರುವ ನಗದು ಎಣಿಸಬೇಕು. ರಸೀದಿ ಪುಸ್ತಕಗಳನ್ನು ಕ್ರಮಸಂಖ್ಯೆ ಹಿಡಿದು ನೋಡಬೇಕು. ಯಾರೋ ಸದಸ್ಯರು ಚಂದಾ ಎತ್ತಲು ಒಯ್ದ ಪುಸ್ತಕವೊಂದು ಅವರ ಮನೆಯ ಬೀರುವಿನಲ್ಲೇ ಉಳಿದಿರುವುದು ಅಪರೂಪವಲ್ಲ. ಠೇವಣಿ ರಸೀದಿಯಲ್ಲಿ ಅವಧಿ ಮುಗಿಯುವ ದಿನಾಂಕ ನೋಡಿ ಬರೆದಿಟ್ಟು, ಎಲ್ಲವನ್ನೂ ಒಂದು ಹಾಳೆಗೆ ಇಳಿಸಿ ಮೂವರೂ ಸಹಿ ಮಾಡಿ, ಹೋಗುವವರ ಕೈಗೂ ಒಂದು ಪ್ರತಿ ಕೊಡಬೇಕು. ಅದು ಅವರಿಗೆ ರಕ್ಷಣೆ.

ಹೋಗುವವರು ಟ್ರಸ್ಟಿಯೇ ಆಗಿದ್ದರೆ ಕಥೆ ಬೇರೆ. ಒಮ್ಮೆ ಒಪ್ಪಿಕೊಂಡ ಟ್ರಸ್ಟಿ ಸುಮ್ಮನೆ ಕೈಬಿಟ್ಟು ಹೋಗುವಂತಿಲ್ಲ ಎನ್ನುತ್ತದೆ 1882ರ ಭಾರತೀಯ ಟ್ರಸ್ಟ್ ಕಾಯ್ದೆಯ 46ನೇ ಕಲಂ. ಟ್ರಸ್ಟ್ ಪತ್ರದಲ್ಲಿ ಅವಕಾಶವಿರಬೇಕು, ಇಲ್ಲವೇ ಫಲಾನುಭವಿಗಳ ಒಪ್ಪಿಗೆ ಅಥವಾ ನ್ಯಾಯಾಲಯದ ಅನುಮತಿ ಬೇಕು. ಕಾಯ್ದೆ ಬರೆದಿರುವುದು ಖಾಸಗಿ ಟ್ರಸ್ಟುಗಳಿಗೆ. ಸಾರ್ವಜನಿಕ ಧರ್ಮಾರ್ಥ ಟ್ರಸ್ಟಿನಲ್ಲೂ ಮೊದಲು ತೆರೆದು ನೋಡಬೇಕಾದ್ದು ಟ್ರಸ್ಟ್ ಪತ್ರವನ್ನೇ. ಎಷ್ಟು ದಿನ ಮುಂಚೆ ತಿಳಿಸಬೇಕು, ಯಾರು ಒಪ್ಪಬೇಕು ಎಂಬುದು ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ. ವಿದೇಶಿ ದೇಣಿಗೆಯ ನೋಂದಣಿ ಇದ್ದರೆ ಪದಾಧಿಕಾರಿಗಳ ಬದಲಾವಣೆಯನ್ನು ಕೇಂದ್ರ ಗೃಹ ಇಲಾಖೆಗೂ ತಿಳಿಸಬೇಕು. 2022ರಲ್ಲಿ ಅದರ ಗಡುವನ್ನು 45 ದಿನಕ್ಕೆ ಏರಿಸಿದರು. ಇನ್ನು, ರಾಜೀನಾಮೆ ಅಂಗೀಕಾರವಾದರೂ ತಮ್ಮ ಕಾಲದಲ್ಲಿ ನಡೆದದ್ದರ ಹೊಣೆ ತಪ್ಪುವುದಿಲ್ಲ.

ನೀವೂ ಇಂಥ ಯಾವುದಾದರೂ ಟ್ರಸ್ಟಿನಲ್ಲಿ ಇದ್ದರೆ, ಯಾರಾದರೂ ರಾಜೀನಾಮೆ ಕೊಡುವ ತನಕ ಕಾಯಬೇಡಿ. ಬ್ಯಾಂಕಿನ ಸಂದೇಶ ಈಗ ಯಾರ ಮೊಬೈಲಿಗೆ ಬರುತ್ತಿದೆ ಎಂದು ಮುಂದಿನ ಸಭೆಯಲ್ಲೇ ಕೇಳಿ.