ಸಂಪಾದಕರಿಗೆ ಬರೆಯುವ ಕವರ್ ಲೆಟರ್: ಏನಿರಬೇಕು, ಏನು ಬೇಡ

ಜರ್ನಲ್‌ಗೆ ಪ್ರಬಂಧ ಕಳಿಸ್ತಿದ್ದೀರಾ? ಕವರ್ ಲೆಟರ್‌ನಲ್ಲಿ ಅಬ್‌ಸ್ಟ್ರ್ಯಾಕ್ಟನ್ನೇ ಮತ್ತೆ ಅಂಟಿಸಬೇಡಿ, ಅದು ಸಂಪಾದಕರ ಕೈಗೆ ಹೇಗೂ ಸಿಕ್ಕಿರುತ್ತೆ. ಅವರು ಆ ಹೊತ್ತಿಗೆ ತೀರ್ಮಾನಿಸಬೇಕಾದ್ದು ಒಂದೇ: ಇದನ್ನು ವಿಮರ್ಶಕರಿಗೆ ಕಳಿಸಬೇಕಾ, ಇಲ್ಲಿಂದಲೇ ವಾಪಸ್ ಮಾಡಬೇಕಾ?

ಕೋಲಾರದ ಕೊಳವೆಬಾವಿಗಳ ಫ್ಲೋರೈಡ್ ಬಗ್ಗೆ ನಿಮ್ಮ ಅಧ್ಯಯನ ಅಂದುಕೊಳ್ಳಿ. "ಫ್ಲೋರೈಡ್ ಗಂಭೀರ ಸಮಸ್ಯೆ" ಅಂತ ಶುರು ಮಾಡಿದರೆ ಸಂಪಾದಕರಿಗೆ ಹೊಸದೇನೂ ಸಿಗಲ್ಲ. ಹೀಗೆ ಬರೆಯಿರಿ: "ಮಳೆಗಾಲ ಮುಗಿದ ಮೇಲೂ ಆಳದ ಬಾವಿಗಳಲ್ಲಿ ಫ್ಲೋರೈಡ್ ಇಳಿಯಲಿಲ್ಲ. ಒಂದೇ ಋತುವಿನ ಮಾದರಿ ನೋಡಿದರೆ ಇದು ಗೊತ್ತಾಗುವುದಿಲ್ಲ." ಮುಂದಿನ ವಾಕ್ಯದಲ್ಲಿ, ಅಂತರ್ಜಲದ ಮೇಲೆ ಕೆಲಸ ಮಾಡುವ ಆ ಜರ್ನಲ್‌ನ ಓದುಗರಿಗೆ ಇದರಿಂದೇನು ಪ್ರಯೋಜನ ಅಂತ ಹೇಳಿ. ಪತ್ರದ ಜೀವ ಇರೋದು ಇಲ್ಲೇ.

ಆಮೇಲೆ ಘೋಷಣೆಗಳು. ಇದು ಬೇರೆಲ್ಲೂ ಪ್ರಕಟವಾಗಿಲ್ಲ, ಬೇರೆ ಜರ್ನಲ್‌ನ ಪರಿಶೀಲನೆಯಲ್ಲಿಲ್ಲ, ಎಲ್ಲ ಲೇಖಕರೂ ಒಪ್ಪಿದ್ದಾರೆ. ಪ್ರಿಪ್ರಿಂಟ್ ಹಾಕಿದ್ದರೆ ಅಥವಾ ಒಂದು ಭಾಗ ಸಮ್ಮೇಳನದಲ್ಲಿ ಅಚ್ಚಾಗಿದ್ದರೆ ನೀವೇ ತಿಳಿಸಿಬಿಡಿ. ಸಂಪಾದಕರೇ ಕಂಡುಹಿಡಿದರೆ ನಂಬಿಕೆ ಹೋಗುತ್ತೆ.

ಇಂಪ್ಯಾಕ್ಟ್ ಫ್ಯಾಕ್ಟರ್‌ನ ಹೊಗಳಿಕೆ, ನಿಮ್ಮ ಪದವಿಗಳ ಪಟ್ಟಿ, ಪಿಎಚ್‌ಡಿ ಗಡುವಿನ ಕಷ್ಟ, ಪುರಾವೆಯಿಲ್ಲದ "ಜಗತ್ತಿನಲ್ಲೇ ಮೊದಲು" ಇವ್ಯಾವುದೂ ಬೇಡ.

ಒಂದು ಪುಟ ಸಾಕು. ಕಳಿಸುವ ಮುಂಚೆ ಜರ್ನಲ್‌ನ ಹೆಸರು ನೋಡಿಕೊಳ್ಳಿ, ಹಿಂದೆ ತಿರಸ್ಕರಿಸಿದ ಜರ್ನಲ್‌ನ ಹೆಸರು ಅಲ್ಲೇ ಉಳಿದಿರಬಹುದು.