ಗೀರು ಬಿದ್ದ ಡಿಸ್ಕಿನ ಕೊನೆಯ ಓದು

ಓಡುತ್ತಿದ್ದ ಲ್ಯಾಪ್‌ಟಾಪ್ ಮೇಜಿನಿಂದ ಬಿತ್ತು. ಮತ್ತೆ ಆನ್ ಮಾಡಿದರೆ ಒಳಗಿನಿಂದ ಟಿಕ್ ಟಿಕ್ ಸದ್ದು. ಒಂದು ಟಿಬಿ ಹಾರ್ಡ್ ಡಿಸ್ಕ್ ಎಂದಿಟ್ಟುಕೊಳ್ಳಿ. ಒಳಗೆ ಎರಡು ತಟ್ಟೆ, ನಾಲ್ಕು ಮುಖ, ಮುಖಕ್ಕೊಂದು ಹೆಡ್. ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಮೇಲೆ ಹೆಡ್ ತೇಲುತ್ತಿರುತ್ತದೆ. ಬಿದ್ದ ಪೆಟ್ಟಿಗೆ ಅದು ತಟ್ಟೆಗೆ ತಾಗಿ ಉಜ್ಜಿದರೆ ಅದೇ ಹೆಡ್ ಕ್ರ್ಯಾಶ್. ಆ ಸದ್ದು ಕೇಳಿದ ಮೇಲೆ ದಯವಿಟ್ಟು ಇನ್ನೊಮ್ಮೆ ಆನ್ ಮಾಡಬೇಡಿ. ಮುರಿದ ಹೆಡ್ ಪ್ರತಿ ಸುತ್ತಿಗೂ ನಿಮ್ಮ ಫೋಟೊಗಳನ್ನು ಕೆರೆದು ಪುಡಿಮಾಡುತ್ತಿರುತ್ತದೆ.

ಇಂಥ ಡಿಸ್ಕಿನ ಮುಚ್ಚಳ ತೆಗೆಯುವುದು ಸಾಮಾನ್ಯವಾಗಿ ಐಎಸ್‌ಒ 5 ದರ್ಜೆಯ ಕ್ಲೀನ್ ರೂಮಿನಲ್ಲಿ, ಇಲ್ಲವೇ ಅಷ್ಟೇ ಶುದ್ಧ ಗಾಳಿ ಹರಿಯುವ ಮೇಜಿನ ಮೇಲೆ. ಅಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಅರ್ಧ ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡ ಕಣಗಳು 3520 ಮೀರುವಂತಿಲ್ಲ. ಅರ್ಧ ಮೈಕ್ರಾನ್ ಎಂದರೆ 500 ನ್ಯಾನೊಮೀಟರ್. ಹೆಡ್ ತೇಲುವ ಸಂದಿನಲ್ಲಿ ಅದು ತೂರಲಾರದ ಬಂಡೆ.

ಮುಚ್ಚಳ ತೆರೆದಾಗ ನುರಿತವರು ಮೊದಲು ನೋಡುವ ಜಾಗಗಳಲ್ಲೊಂದು ಮೂಲೆಯ ಪುಟ್ಟ ಬಿಳಿ ಫಿಲ್ಟರ್. ತಟ್ಟೆ ಸವೆದಿದ್ದರೆ ಅದರ ಪುಡಿ ಅಲ್ಲಿ ಸಿಕ್ಕಿಕೊಂಡು ಫಿಲ್ಟರ್ ಕಪ್ಪಾಗಿರುತ್ತದೆ. ಆಮೇಲೆ ಸೂಕ್ಷ್ಮದರ್ಶಕದಡಿ ಹೆಡ್‌ಗಳ ಪರೀಕ್ಷೆ. ನಮ್ಮ ಡಿಸ್ಕಿನಲ್ಲಿ ನಾಲ್ಕನೆಯ ಮುಖದ ಮೇಲೆ ಬಳೆಯಂಥ ಒಂದು ಗೀರು. ಉಳಿದ ಮೂರು ಮುಖ ಚೆನ್ನಾಗಿವೆ.

ತಟ್ಟೆಗಳನ್ನು ಬಿಚ್ಚಿ ಬೇರೊಂದು ಯಂತ್ರದಲ್ಲಿಟ್ಟು ಓದುತ್ತಾರೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಈ ಡಿಸ್ಕನ್ನೇ ಇನ್ನೊಂದು ಸಲ ಓಡುವಂತೆ ಮಾಡಬೇಕು. ಅದಕ್ಕೆ ಅದೇ ಮಾಡೆಲಿನ, ಸಾಧ್ಯವಾದಷ್ಟು ಅದೇ ಕಾಲದಲ್ಲಿ ತಯಾರಾದ ಡೋನರ್ ಡಿಸ್ಕಿನಿಂದ ಹೆಡ್‌ಗಳ ಇಡೀ ಜೋಡಣೆಯನ್ನು ತರುತ್ತಾರೆ. ಎದುರುಬದುರಾಗಿರುವ ಹೆಡ್‌ಗಳು ಒಂದಕ್ಕೊಂದು ತಾಗಿದರೆ ಕೆಟ್ಟಂತೆಯೇ. ಆದ್ದರಿಂದ ನಡುವೆ ಬಾಚಣಿಗೆಯ ಹಲ್ಲುಗಳಂಥ ಸಾಧನ ತೂರಿಸಿ, ಅವನ್ನು ದೂರದೂರ ಹಿಡಿದೇ ಸಾಗಿಸುತ್ತಾರೆ.

ಇಲ್ಲೊಂದು ತೊಡಕು. ನಾಲ್ಕೂ ಹೆಡ್ ಒಂದೇ ತೋಳಿಗೆ ಸೇರಿದವು, ಒಟ್ಟಿಗೇ ಚಲಿಸುತ್ತವೆ. ನಾಲ್ಕನೆಯದರಿಂದ ಏನನ್ನೂ ಓದಿಸದೇ ಇದ್ದರೂ ಅದು ಗೀರಿನ ಮೇಲೆ ಹಾದುಹೋಗಿ ಮುರಿಯುತ್ತದೆ, ಅದರ ಚೂರು ಉಳಿದ ಮುಖಗಳನ್ನೂ ಕೆಡಿಸೀತು. ಹಾಗಾಗಿ ಮೊದಲ ಸುತ್ತಿಗೆ ಆ ಹೆಡ್ಡಿನ ತುದಿಯನ್ನೇ ಕತ್ತರಿಸಿ ತೆಗೆಯುವುದುಂಟು. ಮುಚ್ಚಳ ಹಾಕಿ, ಹೊರಗೆ ತಂದು, ಹೆಡ್‌ಗಳನ್ನು ಒಂದೊಂದಾಗಿ ಆಯ್ದು ಓದಿಸಬಲ್ಲ ಉಪಕರಣಕ್ಕೆ ಜೋಡಿಸಿ, ಮೂರು ಮುಖಗಳನ್ನು ಪೂರ್ತಿ ನಕಲಿಸುತ್ತಾರೆ. ಅದು ಕೈಗೆ ಬಂದ ಮೇಲೆಯೇ ನಾಲ್ಕನೆಯದರ ಸರದಿ. ಪುಡಿ ತೆಗೆದು, ಇನ್ನೊಂದು ಡೋನರ್ ಹಾಕಿ, ಗೀರಿನಿಂದ ದೂರದ ಭಾಗ ಮೊದಲು ಓದುತ್ತಾರೆ. ಓದುವ ವೇಗ ಕುಸಿದು ತಪ್ಪುಗಳು ಹೆಚ್ಚಿದರೆ ಹೆಡ್ ಸೋಲುತ್ತಿದೆ ಎಂದೇ ಅರ್ಥ, ಅಲ್ಲಿಗೆ ನಿಲ್ಲಿಸುತ್ತಾರೆ.

ಗೀರಿದ್ದ ಕಡೆ ಕಾಂತೀಯ ಪದರವೇ ಇಲ್ಲ. ಅಲ್ಲಿಂದ ಯಾರೂ ಏನನ್ನೂ ತರಲಾರರು. ನಾಲ್ಕನೆಯ ಮುಖ ಪೂರ್ತಿ ಹೋದರೂ ಕಾಲು ಭಾಗದ ಫೈಲುಗಳು ಹೋಗಿ ಉಳಿದವು ಸುರಕ್ಷಿತ ಎನ್ನುವಂತಿಲ್ಲ. ಡಿಸ್ಕ್ ಬರೆಯುವಾಗ ಸ್ವಲ್ಪ ಈ ಮುಖದಲ್ಲಿ, ಸ್ವಲ್ಪ ಆ ಮುಖದಲ್ಲಿ ಹಂಚಿ ಬರೆಯುತ್ತದೆ. ಹೀಗಾಗಿ ಸಣ್ಣ ಪತ್ರಗಳು, ಫೋಟೊಗಳು ಬಹುಪಾಲು ಇಡಿಯಾಗಿ ಸಿಗುತ್ತವೆ. ಮದುವೆ ವಿಡಿಯೊದಂಥ ದೊಡ್ಡ ಫೈಲಿನಲ್ಲಿ ಮಾತ್ರ ನಡುನಡುವೆ ತೂತು ಬಿದ್ದಿರುತ್ತದೆ.